ಹೊಸ ಪಾಲುದಾರ ಬಂದಾಗ: ಎಲ್ಲಿ ಹಳೇ ಅನುಪಾತ, ಎಲ್ಲಿ ತ್ಯಾಗದ ಅನುಪಾತ?

ಪಾಲುದಾರನ ಪ್ರವೇಶದ ಲೆಕ್ಕದಲ್ಲಿ ಬ್ಯಾಲೆನ್ಸ್ ಶೀಟ್ ಎರಡೂ ಕಡೆ ಸರಿಯಾಗಿ ತಾಳೆಯಾಗಿ, ಉತ್ತರ ಮಾತ್ರ ತಪ್ಪಿರಬಹುದು. ಎ ಖಾತೆಗೆ ಹೋಗಬೇಕಾದ ಹಣ ಬಿ ಖಾತೆಗೆ ಹೋದರೂ ಒಟ್ಟು ಮೊತ್ತ ಬದಲಾಗುವುದಿಲ್ಲ, ಅಲ್ವಾ? ಹಾಗಾಗಿ ತಾಳೆಯಾಯಿತು ಎಂದು ಪೆನ್ನು ಕೆಳಗಿಡಬೇಡಿ. ಈ ಲೆಕ್ಕದಲ್ಲಿ ಜಾಸ್ತಿ ಅಂಕ ಹೋಗುವುದು ಕೂಡುವುದರಲ್ಲಿ ಅಲ್ಲ, ಯಾವ ಮೊತ್ತವನ್ನು ಯಾವ ಅನುಪಾತದಲ್ಲಿ ಹಂಚಬೇಕು ಎನ್ನುವುದರಲ್ಲಿ. ಒಂದು ಲೆಕ್ಕವನ್ನು ಪೂರ್ತಿ ಮಾಡಿ ನೋಡೋಣ.

ಲೆಕ್ಕ

ಎ ಮತ್ತು ಬಿ ಲಾಭವನ್ನು 3:2ರಂತೆ ಹಂಚಿಕೊಳ್ಳುತ್ತಾರೆ. ಅವರ ಬ್ಯಾಲೆನ್ಸ್ ಶೀಟ್ (ರೂಪಾಯಿಗಳಲ್ಲಿ) ಹೀಗಿದೆ:

ಹೊಣೆಗಳು: ಧನಿಗಳು 40,000, ಸಾಮಾನ್ಯ ಮೀಸಲು ನಿಧಿ 20,000, ಎ ಬಂಡವಾಳ 90,000, ಬಿ ಬಂಡವಾಳ 60,000. ಒಟ್ಟು 2,10,000.

ಆಸ್ತಿಗಳು: ನಗದು 20,000, ಋಣಿಗಳು 40,000, ದಾಸ್ತಾನು 30,000, ಯಂತ್ರ 50,000, ಕಟ್ಟಡ 60,000, ಗುಡ್‌ವಿಲ್ 10,000. ಒಟ್ಟು 2,10,000.

ಸಿ 1/5 ಪಾಲಿಗೆ ಸೇರುತ್ತಾನೆ. ಆ ಪಾಲನ್ನು ಎ ಮತ್ತು ಬಿ ಇಬ್ಬರಿಂದಲೂ ಸಮನಾಗಿ ಪಡೆಯುತ್ತಾನೆ. 60,000 ಬಂಡವಾಳ ತರುತ್ತಾನೆ, ಗುಡ್‌ವಿಲ್‌ನಲ್ಲಿ ತನ್ನ ಪಾಲನ್ನೂ ನಗದಾಗಿ ತರುತ್ತಾನೆ. ಸಂಸ್ಥೆಯ ಗುಡ್‌ವಿಲ್ ಮೌಲ್ಯ 80,000. ಕಟ್ಟಡದ ಬೆಲೆಯನ್ನು 75,000ಕ್ಕೆ ಏರಿಸಬೇಕು. ಯಂತ್ರ ಮತ್ತು ದಾಸ್ತಾನಿನ ಬೆಲೆಯನ್ನು ಶೇ 10ರಷ್ಟು ಇಳಿಸಬೇಕು. ಋಣಿಗಳ ಮೇಲೆ ಶೇ 5ರಷ್ಟು ಮೊತ್ತವನ್ನು ಬಾರದ ಸಾಲಕ್ಕೆಂದು ತೆಗೆದಿಡಬೇಕು.

ಮೊದಲು ಅನುಪಾತ, ಆಮೇಲೆ ಖಾತೆ

ಖಾತೆ ಬರೆಯಲು ಅವಸರ ಮಾಡಬೇಡಿ. ಮೊದಲು ಎರಡು ಅನುಪಾತ ಕಂಡುಹಿಡಿದು ಹಾಳೆಯ ಮೇಲ್ಗಡೆ ಬರೆದುಕೊಳ್ಳಿ.

1/5ರ ಅರ್ಧ 1/10. ಎ, ಬಿ ತಲಾ 1/10 ಬಿಟ್ಟುಕೊಡುತ್ತಾರೆ.

ಎ: 3/5 − 1/10 = 5/10
ಬಿ: 2/5 − 1/10 = 3/10
ಸಿ: 2/10

ಹೊಸ ಅನುಪಾತ 5:3:2. ತ್ಯಾಗದ ಅನುಪಾತ 1:1. ಹಳೆಯದು 3:2 ಆಗಿತ್ತು ಎನ್ನುವುದನ್ನು ನೆನಪಿಡಿ, ತ್ಯಾಗದ ಅನುಪಾತ ಅದಲ್ಲ.

ಪ್ರಶ್ನೆಯಲ್ಲಿ "ಸಿಗೆ 1/5 ಪಾಲು" ಎಂದಷ್ಟೇ ಇದ್ದರೆ ಕತೆ ಬೇರೆ. ಆಗ ಉಳಿದ 4/5 ಅನ್ನು ಎ, ಬಿ ಹಳೇ ಲೆಕ್ಕದಲ್ಲೇ ಹಂಚಿಕೊಳ್ಳುತ್ತಾರೆ. ಹೊಸ ಅನುಪಾತ 12:8:5 ಆಗುತ್ತದೆ, ತ್ಯಾಗದ ಅನುಪಾತವೂ 3:2 ಆಗಿಯೇ ಉಳಿಯುತ್ತದೆ. ಇಂಥ ಲೆಕ್ಕಗಳನ್ನೇ ಮಾಡಿ ಮಾಡಿ, ತ್ಯಾಗದ ಅನುಪಾತ ಎಂದರೆ ಹಳೇ ಅನುಪಾತವೇ ಎಂದು ತುಂಬಾ ಜನ ಅಂದುಕೊಂಡುಬಿಡುತ್ತಾರೆ.

ಇನ್ನೊಂದು ಪದದ ಮೇಲೆ ಕಣ್ಣಿಡಿ. "ಎ 1/10 ಪಾಲು ಬಿಟ್ಟುಕೊಟ್ಟ" ಎಂದರೆ ನೇರವಾಗಿ 1/10 ಕಳೆಯಬೇಕು. "ಎ ತನ್ನ ಪಾಲಿನ 1/10 ಬಿಟ್ಟುಕೊಟ್ಟ" ಎಂದರೆ 3/5ರ 1/10, ಅಂದರೆ 3/50 ಮಾತ್ರ.

ಪುನರ್‌ಮೌಲ್ಯಮಾಪನ ಖಾತೆ

ಸಿ ಬರುವ ಹೊತ್ತಿಗೆ ಆಸ್ತಿಗಳ ಬೆಲೆ ಏರಿದ್ದರೆ ಆ ಲಾಭ ಹಳಬರದ್ದು, ಇಳಿದಿದ್ದರೆ ನಷ್ಟವೂ ಹಳಬರದ್ದೇ. ಅದಕ್ಕೇ ಇಲ್ಲಿ ಹಳೇ ಅನುಪಾತ.

ಕ್ರೆಡಿಟ್ ಕಡೆ ಕಟ್ಟಡದ ಏರಿಕೆ 15,000. ಡೆಬಿಟ್ ಕಡೆ ಯಂತ್ರ 5,000, ದಾಸ್ತಾನು 3,000, ಬಾರದ ಸಾಲಕ್ಕೆ 2,000. ಉಳಿದ ಲಾಭ 5,000. ಎಗೆ 3,000, ಬಿಗೆ 2,000.

ಇಲ್ಲಿ ಎಡವುವುದು ವಿಭಕ್ತಿಯಲ್ಲಿ. "75,000ಕ್ಕೆ ಏರಿಸಿ" ಎಂದರೆ ಖಾತೆಗೆ ಬರುವುದು ವ್ಯತ್ಯಾಸ ಮಾತ್ರ. "75,000ದಷ್ಟು ಏರಿಸಿ" ಎಂದಿದ್ದರೆ ಪೂರ್ತಿ 75,000 ಬರುತ್ತದೆ. ಹಾಗೆಯೇ ಬಾರದ ಸಾಲದ ನಿಧಿ ಪುಸ್ತಕದಲ್ಲಿ ಮೊದಲೇ 500 ಇದ್ದಿದ್ದರೆ, ಈಗ ಸೇರಿಸಬೇಕಾದದ್ದು 1,500 ಅಷ್ಟೇ.

ಮೀಸಲು ನಿಧಿಯೂ ಹಳೇ ದಿನಗಳ ದುಡಿಮೆಯೇ. ಆ 20,000ವನ್ನು ಎಗೆ 12,000, ಬಿಗೆ 8,000 ಎಂದು ಹಂಚಿ. ಸಿಗೆ ಇದರಲ್ಲಿ ಪಾಲಿಲ್ಲ.

ಎರಡು ಗುಡ್‌ವಿಲ್, ಎರಡು ಅನುಪಾತ

ನಿಜವಾದ ಗೊಂದಲ ಇಲ್ಲಿದೆ. ಈ ಲೆಕ್ಕದಲ್ಲಿ ಗುಡ್‌ವಿಲ್ ಎರಡು ಸಲ ಬರುತ್ತದೆ.

ಪುಸ್ತಕದಲ್ಲಿ ಈಗಾಗಲೇ ಇರುವ 10,000 ಹಳಬರು ತೋರಿಸಿಕೊಂಡು ಬಂದ ಆಸ್ತಿ. ಅದನ್ನು ಹಳೇ ಅನುಪಾತದಲ್ಲಿ ತೆಗೆದುಹಾಕಬೇಕು. ಎ ಬಂಡವಾಳಕ್ಕೆ ಡೆಬಿಟ್ 6,000, ಬಿ ಬಂಡವಾಳಕ್ಕೆ ಡೆಬಿಟ್ 4,000, ಗುಡ್‌ವಿಲ್ ಖಾತೆಗೆ ಕ್ರೆಡಿಟ್ 10,000.

ಸಿ ತರುವ ಹಣವೇ ಬೇರೆ. 80,000ದ 2/10, ಅಂದರೆ 16,000. ಮುಂದಿನ ಲಾಭದಲ್ಲಿ ತಮ್ಮ ಪಾಲನ್ನು ಬಿಟ್ಟುಕೊಟ್ಟವರಿಗೆ ಅವನು ಕೊಡುವ ಬೆಲೆ ಇದು. ಯಾರು ಎಷ್ಟು ಬಿಟ್ಟರೋ ಅವರಿಗೆ ಅಷ್ಟು. 1:1ರಂತೆ ಎಗೆ 8,000, ಬಿಗೆ 8,000. ಇದನ್ನು 3:2ರಲ್ಲಿ ಹಂಚಿದರೆ ಎಗೆ 9,600, ಬಿಗೆ 6,400 ಬರುತ್ತದೆ. ಬಿಗೆ 1,600 ಅನ್ಯಾಯವಾಗುತ್ತದೆ, ಆದರೆ ಬ್ಯಾಲೆನ್ಸ್ ಶೀಟ್ ಅದನ್ನು ಹೇಳುವುದಿಲ್ಲ.

ಹೇಳುವ ದಾರಿ ಒಂದಿದೆ. 80,000ವನ್ನು ಬದಿಯಲ್ಲಿ ಒಮ್ಮೆ ಹಳೇ ಅನುಪಾತದಲ್ಲಿ, ಒಮ್ಮೆ ಹೊಸ ಅನುಪಾತದಲ್ಲಿ ಹಂಚಿ ನೋಡಿ. ಎ: 48,000 − 40,000 = 8,000. ಬಿ: 32,000 − 24,000 = 8,000. ಸಿ: 0 − 16,000. ಮೂರೂ ಸರಿಹೊಂದಿದರೆ ಗುಡ್‌ವಿಲ್ ಹಂಚಿಕೆ ಸರಿ ಇದೆ. ಒಂದು ನಿಮಿಷವೂ ಬೇಡ, ಪ್ರತಿ ಲೆಕ್ಕದಲ್ಲೂ ಮಾಡಿ.

ಬಂಡವಾಳ ಮತ್ತು ಹೊಸ ಬ್ಯಾಲೆನ್ಸ್ ಶೀಟ್

ಎ: 90,000 + 3,000 + 12,000 + 8,000 − 6,000 = 1,07,000
ಬಿ: 60,000 + 2,000 + 8,000 + 8,000 − 4,000 = 74,000
ಸಿ: 60,000

ಧನಿಗಳ 40,000 ಸೇರಿಸಿದರೆ 2,81,000. ಇನ್ನೊಂದು ಕಡೆ ನಗದು 96,000 (20,000 + 60,000 + 16,000), ಋಣಿಗಳು 38,000, ದಾಸ್ತಾನು 27,000, ಯಂತ್ರ 45,000, ಕಟ್ಟಡ 75,000. ಒಟ್ಟು 2,81,000. ಗುಡ್‌ವಿಲ್ ಹೊಸ ಪಟ್ಟಿಯಲ್ಲಿ ಬರುವುದಿಲ್ಲ. ಸಿ ತಂದ 16,000 ನಗದಿನಲ್ಲಿ ಕಾಣಿಸುವಂತೆ ನೋಡಿಕೊಳ್ಳಿ, ಮರೆತುಹೋಗುವ ಜಾಗ ಅದು.

ಹಳಬನ ಪಾಲೇ ಜಾಸ್ತಿಯಾದರೆ?

ಇದೇ ಪ್ರಶ್ನೆಯಲ್ಲಿ ಹೊಸ ಅನುಪಾತ 3:5:2 ಎಂದು ಕೊಟ್ಟಿದ್ದಾರೆ ಎಂದುಕೊಳ್ಳಿ. ಎ: 6/10 − 3/10 = 3/10 ತ್ಯಾಗ. ಬಿ: 4/10 − 5/10 = −1/10. ಮೈನಸ್ ಬಂದಿತೆಂದು ಗಾಬರಿಯಾಗಬೇಡಿ, ಅದನ್ನು ಬಿಟ್ಟೂ ಬಿಡಬೇಡಿ. ಬಿ ಏನನ್ನೂ ತ್ಯಾಗ ಮಾಡಿಲ್ಲ, ಅವನೇ ಪಾಲು ಪಡೆದಿದ್ದಾನೆ. ಹಾಗಾಗಿ ಸಿಯ ಜೊತೆ ಬಿಯೂ ಎಗೆ ಬೆಲೆ ಕೊಡಬೇಕು.

ಎಗೆ ಸಿಗಬೇಕಾದದ್ದು 80,000ದ 3/10, ಅಂದರೆ 24,000. ಸಿ ತಂದ 16,000 ಪೂರ್ತಿ ಎಗೆ ಹೋಗುತ್ತದೆ. ಉಳಿದ 8,000ಕ್ಕೆ ಬಿ ಬಂಡವಾಳ ಖಾತೆಯನ್ನು ಡೆಬಿಟ್ ಮಾಡಿ, ಎ ಬಂಡವಾಳ ಖಾತೆಯನ್ನು ಕ್ರೆಡಿಟ್ ಮಾಡಿ. ಬದಿಯ ಲೆಕ್ಕ ಇಲ್ಲೂ ಒಪ್ಪುತ್ತದೆ: ಎ 48,000 − 24,000 = 24,000; ಬಿ 32,000 − 40,000 = −8,000. ಪುನರ್‌ಮೌಲ್ಯಮಾಪನದ ಲಾಭ, ಮೀಸಲು ನಿಧಿ, ಹಳೇ ಗುಡ್‌ವಿಲ್ ಮಾತ್ರ ಮೊದಲಿನಂತೆ 3:2ರಲ್ಲೇ ಹಂಚಿಕೆಯಾಗುತ್ತವೆ.