ಶೇ 1ರ ಅಂದಾಜು, ಶೇ 92ರ ಹೂಡಿಕೆ

ಅರ್ಥಶಾಸ್ತ್ರಜ್ಞ ಹ್ಯಾರಿ ಮಾರ್ಕೊವಿಟ್ಜ್ 1952ರಲ್ಲಿ ಕೊಟ್ಟ ಸೂತ್ರ ಹೂಡಿಕೆಯ ಹಣವನ್ನು ಹೇಗೆ ಹಂಚಬೇಕೆಂದು ಹೇಳುತ್ತದೆ. ಆದರೆ ಅದು ನಿರೀಕ್ಷಿತ ಪ್ರತಿಫಲವನ್ನು ಅಂದಾಜೆಂದು ನೋಡದೆ ಖಚಿತ ಸತ್ಯವೆಂದೇ ನಂಬುತ್ತದೆ. ಅದರ ಪರಿಣಾಮವನ್ನು ನೀವೇ ಸ್ಪ್ರೆಡ್‌ಶೀಟ್‌ನಲ್ಲಿ ಲೆಕ್ಕ ಹಾಕಿ ನೋಡಬಹುದು.

ಮೊದಲು: ಎರಡು ಲಾರ್ಜ್ ಕ್ಯಾಪ್ ಫಂಡ್‌ಗಳಿವೆ ಎಂದುಕೊಳ್ಳಿ. ಎರಡರ ವಾರ್ಷಿಕ ಏರಿಳಿತವೂ ಶೇ 20, ಅವು ಎಷ್ಟು ಜೊತೆಯಾಗಿ ಏರಿಳಿಯುತ್ತವೆ ಎಂಬುದರ ಅಳತೆಯಾದ ಸಹಸಂಬಂಧ 0.9. ಪೂರ್ತಿ ಹಣವನ್ನು ಇವೆರಡರಲ್ಲೇ ಹಾಕುವುದಾದರೆ, ಮೊದಲ ಫಂಡ್‌ನ ಪಾಲು ಅರ್ಧಕ್ಕಿಂತ ಎಷ್ಟು ಹೆಚ್ಚಿರಬೇಕು ಎಂಬುದಕ್ಕೆ ಸೂತ್ರ ಹೀಗಿದೆ:

```
d = Δ / (2 × γ × σ² × (1 − ρ))
```

Δ ಎಂದರೆ ಎರಡು ಫಂಡ್‌ಗಳ ನಿರೀಕ್ಷಿತ ಪ್ರತಿಫಲದ ವ್ಯತ್ಯಾಸ, σ ಏರಿಳಿತ, ρ ಸಹಸಂಬಂಧ. γ ನಿಮಗೆ ಅಪಾಯ ಎಷ್ಟು ಬೇಡ ಎಂಬುದರ ಅಳತೆ; ಅದನ್ನು 3 ಎಂದಿಡಿ. ಶೇಕಡಾಗಳನ್ನು ದಶಮಾಂಶದಲ್ಲಿ ಬರೆಯಿರಿ: ಶೇ 20 ಎಂದರೆ 0.20, ಶೇ 1 ಎಂದರೆ 0.01.

ನಂತರ Δ ಬದಲಿಸುತ್ತಾ ಹೋಗಿ. ವ್ಯತ್ಯಾಸ ಸೊನ್ನೆಯಾದರೆ ಪಾಲು 50–50. ಶೇ 1 ಆದರೆ 92–8. ಶೇ 2 ಆದರೆ ಮೊದಲನೆಯದರಲ್ಲಿ ಶೇ 133, ಎರಡನೆಯದರಲ್ಲಿ ಮೈನಸ್ 33. ಅಂದರೆ ಎರಡನೆಯದನ್ನು ಸಾಲ ತಂದು ಮಾರಬೇಕು! ಹೀಗೇಕೆ? ಛೇದದಲ್ಲಿರುವ 1 − ρ ಕೇವಲ 0.1. ಎರಡು ಫಂಡ್‌ಗಳೂ ಜೊತೆಜೊತೆಗೇ ಏರಿ ಇಳಿಯುವುದರಿಂದ, ಒಂದನ್ನು ಮಾರಿ ಇನ್ನೊಂದನ್ನು ಕೊಂಡರೆ ಅಪಾಯ ಅಷ್ಟೇನೂ ಹೆಚ್ಚುವುದಿಲ್ಲ. ಸೂತ್ರದ ಕಣ್ಣಿಗೆ ಅದು ಹೆಚ್ಚುಕಡಿಮೆ ಪುಕ್ಕಟೆ ಲಾಭ. ಸಹಸಂಬಂಧ 0.5 ಇದ್ದಿದ್ದರೆ ಅದೇ ಶೇ 1ಕ್ಕೆ ಪಾಲು 58–42 ಆಗುತ್ತಿತ್ತು.

ಈಗ ಮುಖ್ಯ ಪ್ರಶ್ನೆ: Δ ನಮಗೆ ಎಷ್ಟು ನಿಖರವಾಗಿ ಗೊತ್ತು? ಈ ಜೋಡಿಯ ಪ್ರತಿಫಲದ ವ್ಯತ್ಯಾಸ ವರ್ಷಕ್ಕೆ ಸುಮಾರು ಶೇ 8.9ರಷ್ಟು ಏರಿಳಿಯುತ್ತದೆ. 25 ವರ್ಷಗಳ ದಾಖಲೆ ಇದ್ದರೂ ಸರಾಸರಿ ಎಷ್ಟು ತಪ್ಪಿರಬಹುದು ಎಂಬುದರ ಅಳತೆಯಾದ ಪ್ರಮಾಣಿತ ದೋಷ 8.9 ÷ √25, ಅಂದರೆ ಶೇ 1.8. ತಿಂಗಳ ಬದಲು ದಿನದ ಅಂಕಿಅಂಶ ಬಳಸಿದರೆ ಏರಿಳಿತದ ಅಂದಾಜು ಸುಧಾರಿಸುತ್ತದೆ, ಸರಾಸರಿಯದು ಸುಧಾರಿಸುವುದಿಲ್ಲ. ಅದಕ್ಕೆ ಬೇಕಾದದ್ದು ಇನ್ನಷ್ಟು ವರ್ಷಗಳು.

ಫಂಡ್‌ಗಳು ನಿಜಕ್ಕೂ ಸಮಾನವಾಗಿದ್ದು, ಅದೃಷ್ಟವಶಾತ್ ಮೊದಲನೆಯದು ಶೇ 1.8ರಷ್ಟು ಮುಂದೆ ಕಂಡಿತು ಎನ್ನಿ. ಸೂತ್ರ 125 ಮತ್ತು ಮೈನಸ್ 25 ಎನ್ನುತ್ತದೆ, 50–50 ಹಂಚಿಕೆಗಿಂತ ಶೇ 1.35ರಷ್ಟು ಹೆಚ್ಚುವರಿ ಪ್ರತಿಫಲದ ಆಸೆ ತೋರಿಸುತ್ತದೆ. ಸಿಗುವ ಹೆಚ್ಚುವರಿ ಸೊನ್ನೆ. ಏರಿಳಿತ ಮಾತ್ರ ಶೇ 19.5ರಿಂದ 20.6ಕ್ಕೆ ಏರುತ್ತದೆ. ಮುಂದಿನ ವರ್ಷ ಅಂದಾಜು ತಿರುಗಿದರೆ ಪಾಲೂ ತಿರುಗುತ್ತದೆ. ಹೂಡಿಕೆ ಸಂಶೋಧಕ ರಿಚರ್ಡ್ ಮಿಶೊ 1989ರಲ್ಲಿ ಇಂಥ ಸಾಧನಗಳನ್ನು ದೋಷವನ್ನೇ ಗರಿಷ್ಠಗೊಳಿಸುವಂಥವು ಎಂದು ಕರೆದದ್ದು ಇದಕ್ಕೇ.

ಪರಿಹಾರ: ಮೈನಸ್ ಪಾಲನ್ನು ನಿಷೇಧಿಸಿದರೆ ಉತ್ತರ 100–0ಗೆ ಬಂದು ನಿಲ್ಲುತ್ತದೆ, ಅಷ್ಟೇ. ನನಗೆ ಹೆಚ್ಚು ಸರಿ ಎನಿಸುವುದು Δವನ್ನೇ ಕುಗ್ಗಿಸುವ ಕ್ರಮ. ಇಂಥ ಫಂಡ್‌ಗಳ ನಿಜವಾದ ವ್ಯತ್ಯಾಸ ಸಾಮಾನ್ಯವಾಗಿ ಸೊನ್ನೆಯಿಂದ ಶೇ 1ರಷ್ಟು ಆಚೀಚೆ ಇರುತ್ತದೆ ಎಂದು ನೀವು ನಂಬಿದರೆ, ಕಂಡ ವ್ಯತ್ಯಾಸವನ್ನು 1² ÷ (1² + 1.8²), ಅಂದರೆ ಸುಮಾರು 0.24ರಿಂದ ಗುಣಿಸಿ. ಶೇ 1.8 ಈಗ ಶೇ 0.43 ಆಗುತ್ತದೆ, ಪಾಲು 68–32. ಆ ‘ಶೇ 1’ ಕೂಡ ನಿಮ್ಮ ಊಹೆಯೇ. ಅದನ್ನು ಅರ್ಧ ಮಾಡಿ, ದುಪ್ಪಟ್ಟು ಮಾಡಿ ಮತ್ತೆ ಲೆಕ್ಕ ಹಾಕಿ ನೋಡಿ.