ಈ ಅಂಕಿ ಬಿಲ್ಲಿನಲ್ಲಿ ಎಲ್ಲಿದೆ ಮೇಡಂ?

ನಾನು ಒಂದು ಸಗಟು ವ್ಯಾಪಾರದ ಸಂಸ್ಥೆಯ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಲಾರಿ ಬಾಡಿಗೆಯ ಬಿಲ್‌ಗಳು ತುಂಬಾ. ಸಾರಿಗೆಯವರು ತಿಂಗಳಿಗೊಂದು ಬಿಲ್ ಕೊಡುತ್ತಾರೆ, ಒಂದೊಂದು ಪುಟದಲ್ಲಿ ಮೂವತ್ತು ನಲವತ್ತು ಟ್ರಿಪ್ ಇರುತ್ತವೆ. ತಾರೀಕು, ಲಾರಿ ನಂಬರ್, ತೂಕ, ಬಾಡಿಗೆ, ಹೀಗೆ ಸಾಲು ಸಾಲು. ಮೊದಲು ಎಲ್ಲವನ್ನೂ ಕೈಯಲ್ಲೇ ಎಕ್ಸೆಲ್‌ಗೆ ಹಾಕುತ್ತಿದ್ದೆವು. ಆಮೇಲೆ ಸ್ಕ್ಯಾನ್ ಮಾಡಿ ಓಸಿಆರ್‌ನಿಂದ ಅಂಕಿ ತೆಗೆಯುವುದನ್ನು ನಾನೇ ಕಲಿತೆ. ಕೆಲಸ ಬೇಗ ಆಯಿತು. ಆಡಿಟ್ ಮಾತ್ರ ನಿಧಾನವಾಯಿತು.

ಕಾರಣ ಸರಳ. ಆಡಿಟರ್ ಕಡೆಯ ಹುಡುಗಿ ಒಂದು ಅಂಕಿಯ ಮೇಲೆ ಬೆರಳಿಟ್ಟು, "ಇದು ಬಿಲ್ಲಿನಲ್ಲಿ ಎಲ್ಲಿದೆ ಮೇಡಂ?" ಅಂತ ಕೇಳುತ್ತಿದ್ದಳು. ನಾನು ಫೈಲ್ ತೆಗೆದು, ನಲವತ್ತು ಸಾಲಿನ ಮೇಲೆ ಸ್ಕೇಲ್ ಇಟ್ಟು ಹುಡುಕುತ್ತಿದ್ದೆ. ಕೈಯಲ್ಲಿ ಬರೆಯುವಾಗ ಪ್ರತಿ ಸಾಲಿನ ಪಕ್ಕ ಪೆನ್ಸಿಲ್ ಟಿಕ್ ಇರುತ್ತಿತ್ತು. ಓಸಿಆರ್ ಬಂದ ಮೇಲೆ ಆ ಟಿಕ್ ಹೋಗಿತ್ತು.

ಆದರೆ ಓದುವ ಸಾಫ್ಟ್‌ವೇರ್‌ಗೆ ಪ್ರತಿ ಅಂಕಿಯ ಜಾಗ ಗೊತ್ತಿರುತ್ತದೆ. ನಾನು ಬಳಸುವ Tesseract ಅನ್ನು ಹೀಗೆ ಓಡಿಸಿದರೆ ಸಾಕು:

```
tesseract bill_0412.png out --psm 6 tsv
```

`out.tsv` ಫೈಲಿನಲ್ಲಿ ಪ್ರತಿ ಪದದ ಜೊತೆ `left`, `top`, `width`, `height` ಬರುತ್ತವೆ. ಚಿತ್ರದ ಎಡ ಮೇಲ್ತುದಿಯಿಂದ ಎಷ್ಟು ಪಿಕ್ಸೆಲ್ ದೂರ, ಎಷ್ಟು ಅಗಲ, ಎಷ್ಟು ಎತ್ತರ ಅನ್ನುವುದು. ನಾನು ಇಷ್ಟು ದಿನ ಪದ ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಬಿಸಾಡುತ್ತಿದ್ದೆ.

ಅದಕ್ಕೂ ಮೊದಲು ಇನ್ನೊಂದು ದಾರಿ ನೋಡಿದ್ದೆ. ಅಂಕಿಯನ್ನು ಆಮೇಲೆ ಪುಟದಲ್ಲಿ ಹುಡುಕಿ ಜಾಗ ಕಂಡುಹಿಡಿಯುವುದು. ಅದು ನಡೆಯಲ್ಲ. ಒಂದೇ ಊರಿಗೆ ಹೋದ ಲಾರಿಗಳಿಗೆಲ್ಲ ಒಂದೇ ಬಾಡಿಗೆ ಇರುತ್ತದೆ. 18,650 ಒಂದೇ ಪುಟದಲ್ಲಿ ಐದು ಸಲ ಸಿಕ್ಕಿದರೆ ಯಾವುದು ಯಾವ ಟ್ರಿಪ್ಪಿನದು? ಓದಿದ ಗಳಿಗೆಯಲ್ಲೇ ಜಾಗವನ್ನೂ ಬರೆದಿಟ್ಟುಕೊಳ್ಳಬೇಕು.

ಹಾಗೇ ಮಾಡಿದೆ. ಪ್ರತಿ ಅಂಕಿಗೂ ಒಂದು ಐಡಿ ಕೊಟ್ಟೆ. ಎಕ್ಸೆಲ್‌ನಲ್ಲಿ ಆ ಐಡಿ ಒತ್ತಿದರೆ ಬಿಲ್ಲಿನ ಚಿತ್ರ ತೆರೆದು, ಅಂಕಿಯ ಸುತ್ತ ಕೆಂಪು ಚೌಕ ಕಾಣುತ್ತಿತ್ತು. ಸಾಲಿನ ನಂಬರ್ ಬದಲು ಐಡಿ ಇಟ್ಟಿದ್ದು ಒಳ್ಳೆಯದಾಯಿತು. ಎಕ್ಸೆಲ್‌ನಲ್ಲಿ ಯಾರಾದರೂ ತಾರೀಕಿನ ಪ್ರಕಾರ ಸಾರ್ಟ್ ಮಾಡಿದರೂ ಕೊಂಡಿ ತಪ್ಪಲ್ಲ.

ಮೊದಲ ದಿನವೇ ಆಡಿಟರ್ ಹುಡುಗಿ ಕರೆದಳು. "ಮೇಡಂ, ಶೀಟಲ್ಲಿ 18,650 ಇದೆ, ಬಿಲ್ಲಲ್ಲಿ 16,850 ಇದೆಯಲ್ಲ?"

ಹೋಗಿ ನೋಡಿದೆ. ಕೆಂಪು ಚೌಕ ನಿಜಕ್ಕೂ 16,850ರ ಸುತ್ತ ಅಚ್ಚುಕಟ್ಟಾಗಿ ಕೂತಿತ್ತು. ಅದರ ಮೇಲಿನ ಸಾಲಿನಲ್ಲಿ 18,650 ಇತ್ತು. ಅಂದರೆ ಶೀಟಿನ ಅಂಕಿ ಸರಿ, ಚೌಕ ಒಂದು ಸಾಲು ಕೆಳಗೆ ಜಾರಿತ್ತು. ಚೌಕ ಖಾಲಿ ಜಾಗದಲ್ಲಿ ಕೂತಿದ್ದರೆ ಯಾರಿಗಾದರೂ ತಪ್ಪು ಅಂತ ಗೊತ್ತಾಗುತ್ತಿತ್ತು. ಇದು ಬೇರೆ ಅಂಕಿಯ ಮೇಲೆ ಕೂತು, ಸರಿಯಾದ ಲೆಕ್ಕವನ್ನೇ ತಪ್ಪು ಅಂತ ತೋರಿಸುತ್ತಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಕಾರಣ ಹುಡುಕಲು ಅದೇ ಪುಟದ ಎಲ್ಲ ಚೌಕಗಳನ್ನೂ ಒಟ್ಟಿಗೆ ಬಿಡಿಸಿದೆ. ಬಲಗಡೆ ಬಾಡಿಗೆಯ ಕಾಲಂನಲ್ಲಿ ಚೌಕಗಳು ಕೆಳಗೆ ಜಾರಿದ್ದವು. ಎಡಗಡೆ ತಾರೀಕಿನ ಕಾಲಂನಲ್ಲಿ ಮೇಲೆ ಏರಿದ್ದವು. ಪುಟದ ನಡುವೆ ಸರಿಯಾಗಿದ್ದವು. ಆಗ ಹೊಳೆಯಿತು. ಸ್ಕ್ಯಾನ್ ಓರೆಯಾಗಿದ್ದರೆ ಓದುವ ಮುಂಚೆ ನನ್ನ ಪ್ರೋಗ್ರಾಂ ಚಿತ್ರವನ್ನು ತಿರುಗಿಸಿ ನೇರ ಮಾಡುತ್ತಿತ್ತು. ಜಾಗದ ಲೆಕ್ಕ ಬಂದಿದ್ದು ಆ ನೇರ ಮಾಡಿದ ಪ್ರತಿಯಿಂದ. ಚೌಕ ಬಿಡಿಸುತ್ತಿದ್ದದ್ದು ಮೂಲ ಸ್ಕ್ಯಾನಿನ ಮೇಲೆ.

ಎಷ್ಟು ಜಾರುತ್ತದೆ ಅಂತ ಲೆಕ್ಕ ಹಾಕಿದೆ. ಎ4 ಪುಟವನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಅಗಲ 2480 ಪಿಕ್ಸೆಲ್, ಎತ್ತರ 3508. ಬಾಡಿಗೆಯ ಕಾಲಂ ಪುಟದ ನಡುವಿನಿಂದ ಸುಮಾರು 960 ಪಿಕ್ಸೆಲ್ ಬಲಕ್ಕಿತ್ತು. ಆ ಪುಟ 3 ಡಿಗ್ರಿ ಓರೆಯಾಗಿತ್ತು. 960ಕ್ಕೆ 3 ಡಿಗ್ರಿಯ ಸೈನ್ 0.0523 ಗುಣಿಸಿದರೆ 50 ಪಿಕ್ಸೆಲ್. ಬಿಲ್ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನದು, ಇಂಚಿಗೆ 6 ಸಾಲು. 300 ಭಾಗಿಸು 6, ಅಂದರೆ ಒಂದು ಸಾಲಿಗೆ 50 ಪಿಕ್ಸೆಲ್. ಸರಿಯಾಗಿ ಒಂದು ಸಾಲು! 1 ಡಿಗ್ರಿ ಓರೆಯಿದ್ದ ಪುಟಗಳಲ್ಲಿ ಚೌಕ 17 ಪಿಕ್ಸೆಲ್ ಮಾತ್ರ ಜಾರಿದ್ದರಿಂದ, ಸ್ವಲ್ಪ ಆಚೀಚೆ ಆಗಿದೆ ಅಂತ ಸುಮ್ನೆ ಬಿಟ್ಟಿದ್ದೆ. ಆಗಲೇ ನೋಡಬೇಕಿತ್ತು.

ಸರಿಪಡಿಸುವುದು ಕಷ್ಟವಾಗಲಿಲ್ಲ. ಎಷ್ಟು ತಿರುಗಿಸಿದೆ ಅನ್ನುವುದನ್ನು ಉಳಿಸಿಕೊಂಡು, ಚೌಕದ ನಾಲ್ಕು ಮೂಲೆಗಳನ್ನೂ ಅಷ್ಟೇ ಹಿಂದಕ್ಕೆ ತಿರುಗಿಸಿದರೆ ಆಯಿತು:

```python
M = cv2.getRotationMatrix2D((1240, 1754), angle, 1.0)
Minv = cv2.invertAffineTransform(M)
box = np.float32([[[x,y],[x+w,y],[x+w,y+h],[x,y+h]]])
orig = cv2.transform(box, Minv)
```

ಇಲ್ಲಿ ನಾಲ್ಕೂ ಮೂಲೆ ಬೇಕು. ಮೂಲ ಚಿತ್ರದಲ್ಲಿ ಆ ಚೌಕ ಓರೆಯಾಗಿರುತ್ತದೆ, ಅಗಲ ಎತ್ತರ ಅಂತ ಎರಡೇ ಇಟ್ಟರೆ ಓರೆ ಕಳೆದುಹೋಗುತ್ತದೆ. ಚಿತ್ರವನ್ನು ದೊಡ್ಡದು ಮಾಡಿದ್ದರೆ, ಅಂಚು ಕತ್ತರಿಸಿದ್ದರೆ, ಅದನ್ನೂ ಹೀಗೇ ಹಿಂದಕ್ಕೆ ಲೆಕ್ಕ ಹಾಕಬೇಕು. ಅದೂ ಮಾಡಿದ ಕ್ರಮಕ್ಕೆ ಉಲ್ಟಾ.

ಈಗ ಯಾವ ಚೌಕವನ್ನೂ ನಂಬುವ ಮುಂಚೆ ಒಂದು ಪರೀಕ್ಷೆ ಮಾಡುತ್ತೇನೆ. ಉಳಿಸಿಟ್ಟ ಜಾಗದಲ್ಲಿ ಮೂಲ ಸ್ಕ್ಯಾನಿನ ತುಂಡು ಕತ್ತರಿಸಿ, ಆ ತುಂಡನ್ನೇ ಮತ್ತೆ ಓದಿಸುತ್ತೇನೆ. ಎರಡೂ ಸಲ ಒಂದೇ ಅಂಕಿ ಬರದಿದ್ದರೆ ಆ ಸಾಲು ನನ್ನ ಕಣ್ಣಿಗೆ ಬೀಳುತ್ತದೆ. ಅಕ್ಕಪಕ್ಕದ ಸಾಲುಗಳಲ್ಲಿ ಒಂದೇ ಬಾಡಿಗೆ ಇದ್ದರೆ ಈ ಪರೀಕ್ಷೆ ಮೋಸ ಹೋಗುತ್ತದೆ. ಅದಕ್ಕೆ ಲಾರಿ ನಂಬರನ್ನೂ ಜೊತೆಗೆ ಓದಿಸುತ್ತೇನೆ, ಅದು ಒಂದೇ ಇರುವುದು ಕಡಿಮೆ.

ಅಂಕಿ ಒಡೆದು ಬರುವುದೂ ಉಂಟು. 1,24,850 ಅನ್ನು `1,24,` ಮತ್ತು `850` ಅಂತ ಎರಡು ಪದವಾಗಿ ಓದುತ್ತದೆ. ಜೋಡಿಸಿದಾಗ ಎರಡೂ ಚೌಕಗಳನ್ನು ಸೇರಿಸಿ ಒಂದು ಮಾಡಬೇಕು, ಇಲ್ಲದಿದ್ದರೆ ಆಡಿಟರ್‌ಗೆ ಅರ್ಧ ಅಂಕಿ ಕಾಣುತ್ತದೆ.

ತಿದ್ದುಪಡಿ ಬಗ್ಗೆ ನಾನು ತುಂಬಾ ಬಿಗಿ. ಮಸುಕಾದ 3 ಕೆಲವೊಮ್ಮೆ 8 ಆಗುತ್ತದೆ. ತಿದ್ದಿದಾಗ ಓಸಿಆರ್ ಓದಿದ್ದನ್ನು ಅಳಿಸಲ್ಲ. ಅದು ಒಂದು ಕಾಲಂ, ತಿದ್ದಿದ್ದು ಇನ್ನೊಂದು, ಯಾರು ಯಾವತ್ತು ತಿದ್ದಿದರು ಅನ್ನುವುದು ಮತ್ತೊಂದು. ಓಸಿಆರ್‌ಗೆ ಏನೂ ಕಾಣದೆ ಕೈಯಲ್ಲಿ ಹಾಕಿದ ಅಂಕಿಗೆ ಮೌಸ್ ಎಳೆದು ಚೌಕ ಹಾಕುತ್ತೇನೆ. ನಾವೇ ಕೂಡಿದ ಒಟ್ಟು ಮೊತ್ತಕ್ಕೆ ಮಾತ್ರ ಚೌಕ ಇಲ್ಲ, ಅದು ಕಾಗದದಲ್ಲೇ ಇಲ್ಲವಲ್ಲ. ಅದರ ಮುಂದೆ ಯಾವ ಯಾವ ಐಡಿ ಕೂಡಿದ್ದು ಅಂತ ಪಟ್ಟಿ ಇರುತ್ತದೆ.

ಆಡಿಟರ್ ಹುಡುಗಿಯೇ ಇನ್ನೊಂದು ಬದಲಾವಣೆ ಹೇಳಿದಳು. "ಅಂಕಿ ಒಂದನ್ನೇ ಕತ್ತರಿಸಿ ತೋರಿಸಿದ್ರೆ ನಂಗೆ ಉಪಯೋಗ ಇಲ್ಲ ಮೇಡಂ. ಯಾವ ಲಾರಿ, ಯಾವ ತಾರೀಕು ಅಂತಾನೂ ಕಾಣಬೇಕು." ಸರಿಯಾದ ಮಾತು. ಈಗ ಎಡದಿಂದ ಬಲದವರೆಗೆ ಪೂರ್ತಿ ಸಾಲನ್ನು ತೋರಿಸುತ್ತೇನೆ, ಮೇಲೆ ಕಾಲಂಗಳ ಹೆಸರಿನ ಪಟ್ಟಿ ಅಂಟಿಸುತ್ತೇನೆ.

ಕೊನೆಗೆ ಸಿಕ್ಕಿದ ತೊಂದರೆ ಇದು. ಒಬ್ಬರು ಮಸುಕಾದ ಬಿಲ್ ಒಂದನ್ನು ಮತ್ತೆ ಸ್ಕ್ಯಾನ್ ಮಾಡಿ ಹಳೆಯ ಹೆಸರಿನಲ್ಲೇ ಉಳಿಸಿದರು. ಕಾಗದ ಅದೇ, ಆದರೆ ಗಾಜಿನ ಮೇಲೆ ಇಟ್ಟ ಜಾಗ ಬೇರೆ. ಆ ಪುಟದ ಚೌಕಗಳೆಲ್ಲ ಹಾಳು. ಈಗ ಪ್ರತಿ ಅಂಕಿಯ ಜೊತೆ ಫೈಲಿನ ಹೆಸರಷ್ಟೇ ಅಲ್ಲ, ಫೈಲಿನ ಒಳಗಿರುವುದರಿಂದಲೇ ಲೆಕ್ಕ ಹಾಕಿ ಬರುವ `sha256` ಅನ್ನುವ ಗುರುತನ್ನೂ ಇಟ್ಟಿರುತ್ತೇನೆ. ಫೈಲ್ ಒಂದಿಷ್ಟು ಬದಲಾದರೂ ಅದು ಬೇರೆ ಬರುತ್ತದೆ. ಆಗ ಚೌಕ ತೋರಿಸುವ ಬದಲು "ಚಿತ್ರ ಬದಲಾಗಿದೆ, ಮತ್ತೆ ಓದಿಸಿ" ಅಂತ ಬರುತ್ತದೆ. ಹಳೆಯ ಸ್ಕ್ಯಾನನ್ನು ಬೇರೆ ಫೋಲ್ಡರಿನಲ್ಲಿ ಹಾಗೇ ಇಡುತ್ತೇವೆ. ಆ ವರ್ಷದ ಆಡಿಟ್ ಆಗಿದ್ದು ಅದನ್ನು ನೋಡಿಯೇ ಅಲ್ವಾ?