ಸೊನ್ನೆ ಬರುತ್ತಿದ್ದ ಕರೆಂಟ್ ಬಿಲ್ ದಿಢೀರನೆ ₹1,800 ದಾಟಿದರೆ ಏನು ನೋಡಬೇಕು?

ಕರ್ನಾಟಕದಲ್ಲಿ ಮನೆ ಬಳಕೆಯ ವಿದ್ಯುತ್ತಿಗೆ ಹಂತವಾರು ದರ ಈಗಿಲ್ಲ. 2024ರ ಏಪ್ರಿಲ್‌ನಿಂದ ಎಲ್ಲ ಯೂನಿಟ್‌ಗೂ ಒಂದೇ ದರ. ಆದರೆ ಗೃಹಜ್ಯೋತಿ ಪಡೆಯುವ ಮನೆಗೆ 200 ಯೂನಿಟ್ ಎಂಬ ಗಡಿ ಇದ್ದೇ ಇದೆ. ಬಿಲ್ ಜಿಗಿಯುವುದು ಹೆಚ್ಚಾಗಿ ಇಲ್ಲಿಯೇ.

ಒಂದು ಮನೆಯ ಲೆಕ್ಕ ನೋಡೋಣ. ಮಂಜೂರಾದ ಲೋಡ್ 3 ಕಿಲೋವ್ಯಾಟ್, ಉಚಿತ ಅರ್ಹತೆ 165 ಯೂನಿಟ್. ಬಿಲ್‌ನಲ್ಲಿ ಹಿಂದಿನ ರೀಡಿಂಗ್ 8217, ಈಗಿನದು 8432, ಬಳಕೆ 215. 200ರ ಗಡಿ ದಾಟಿದ್ದರಿಂದ ಉಚಿತ ಯೂನಿಟ್‌ಗಳೂ ಹೋದವು, ಪೂರ್ತಿ ಬಿಲ್ ಬಂತು. 2025–26ರ ದರದಲ್ಲಿ ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ ₹145ರಂತೆ ₹435. ಯೂನಿಟ್‌ಗೆ ₹5.80ರಂತೆ ₹1,247. ಪಿಂಚಣಿ–ಗ್ರಾಚ್ಯುಟಿ ಸರ್‌ಚಾರ್ಜ್ 36 ಪೈಸೆಯಂತೆ ₹77.40. ವಿದ್ಯುತ್ ಶುಲ್ಕದ ಮೇಲೆ ಶೇ 9 ತೆರಿಗೆ ₹112.23. ಒಟ್ಟು ₹1,871.63. ಇಂಧನ ವೆಚ್ಚ ಹೊಂದಾಣಿಕೆಯ ಮೊತ್ತ ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ಇಲ್ಲಿ ಸೇರಿಸಿಲ್ಲ. ನಿಗದಿತ ಶುಲ್ಕ ಹೊಸದೆಂದು ಹಲವರು ಗಾಬರಿಯಾಗುತ್ತಾರೆ. ಅದು ಮೊದಲೂ ಇತ್ತು, ಸಬ್ಸಿಡಿಯಲ್ಲಿ ಕಳೆದುಹೋಗುತ್ತಿತ್ತು ಅಷ್ಟೆ.

ಇನ್ನು ಮೀಟರ್ ಮುಂದೆ ನಿಲ್ಲಿ. ಪರದೆಯಲ್ಲಿ ಅಂಕಿಗಳು ಒಂದಾದ ಮೇಲೊಂದು ಬರುತ್ತವೆ. kWh ಎಂದಿರುವುದನ್ನೇ ಓದಿ, ಚುಕ್ಕಿಯ ನಂತರದ ಅಂಕಿ ಬಿಡಿ. ಈ ಮನೆಯಲ್ಲಿ ರೀಡಿಂಗ್ ತೆಗೆದದ್ದು 4ರಂದು. 8ರಂದು ನೋಡಿದಾಗ ಮೀಟರ್‌ನಲ್ಲಿದ್ದದ್ದು 8424. ಮನೆ ಮೀಟರ್‌ನ ಬಳಕೆಯ ಅಂಕಿ ಹಿಂದಕ್ಕೆ ಓಡುವುದಿಲ್ಲವಲ್ಲ, ಹಾಗಾಗಿ ನಾಲ್ಕು ದಿನ ಮೊದಲು ಬರೆದ 8432 ಖಂಡಿತ ತಪ್ಪು. ಅಲ್ಲಿದ್ದದ್ದು 8402, ಸೊನ್ನೆಯ ಜಾಗದಲ್ಲಿ ಮೂರು ನಮೂದಾಗಿದೆ. ನಿಜವಾದ ಬಳಕೆ 185. ಆಗ ಅರ್ಹತೆ ಮೀರಿದ 20 ಯೂನಿಟ್‌ಗಷ್ಟೇ ಹಣ, ಸುಮಾರು ₹134.

ಇಂಥ ತಪ್ಪು ಹಿಡಿಯಲು ಬಿಲ್ ಬಂದ ದಿನವೇ ನೋಡಬೇಕು. ವಾರ ಕಳೆದರೆ ಮೀಟರ್ ತಪ್ಪು ಅಂಕಿಯನ್ನೂ ದಾಟಿಬಿಡುತ್ತದೆ, ಸಾಕ್ಷ್ಯ ಉಳಿಯುವುದಿಲ್ಲ. ಫೋಟೊದಲ್ಲಿ ಮೀಟರ್ ಸಂಖ್ಯೆಯೂ ದಿನಾಂಕವೂ ಕಾಣಲಿ.

ರೀಡಿಂಗ್ ಸರಿಯಿದ್ದರೆ ಎರಡು ರೀಡಿಂಗ್ ನಡುವಿನ ದಿನ ಎಣಿಸಿ. 36 ದಿನಕ್ಕೆ 215 ಎಂದರೆ ದಿನಕ್ಕೆ ಆರು ಯೂನಿಟ್‌ಗೂ ಕಡಿಮೆ. 30 ದಿನಕ್ಕೆ 179 ಆಗುತ್ತಿತ್ತು. ಹೆಚ್ಚಿದ್ದು ಬಳಕೆಯಲ್ಲ, ದಿನಗಳು. ಹಿಂದಿನ ತಿಂಗಳು ಬಾಗಿಲು ಹಾಕಿತ್ತೆಂದು ಸರಾಸರಿ ಬಿಲ್ ಬಂದಿದ್ದರೆ, ಆಗ ಲೆಕ್ಕಕ್ಕೆ ಬಾರದ ಯೂನಿಟ್‌ಗಳೂ ಈ ತಿಂಗಳಿಗೇ ಬೀಳಬಹುದು. ಹೆಚ್ಚುವರಿ ಭದ್ರತಾ ಠೇವಣಿ ಕೇಳಿದ್ದರೆ ಅದು ಬಳಕೆಯ ಹಣವಲ್ಲ, ಬೇರೆ ಸಾಲಿನಲ್ಲಿರುತ್ತದೆ.

ತಪ್ಪು ಖಚಿತವಾದರೆ 1912ಕ್ಕೆ ದೂರು ದಾಖಲಿಸಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಜೊತೆಗೆ ಬಿಲ್ ಪ್ರತಿ, ಫೋಟೊ ಹಾಗೂ ಖಾತೆ ಸಂಖ್ಯೆಯೊಂದಿಗೆ ಉಪವಿಭಾಗ ಕಚೇರಿಗೆ ಅರ್ಜಿ ಕೊಟ್ಟು ಬಿಲ್ ಪರಿಷ್ಕರಣೆ ಕೇಳಿ, ಸ್ವೀಕೃತಿ ಪಡೆಯಿರಿ. ರೀಡಿಂಗೂ ದಿನಗಳೂ ಸರಿಯಿದ್ದು ಅನುಮಾನ ಉಳಿದರೆ, ಮೇನ್ ಸ್ವಿಚ್ ಆರಿಸಿ ಮೀಟರಿನ ಕೆಂಪು ದೀಪ ನೋಡಿ. ಆಗಲೂ ಮಿನುಗುತ್ತಿದ್ದರೆ ಮೀಟರ್ ಪರೀಕ್ಷೆಗೆ ಅರ್ಜಿ ಹಾಕಿ.